ತಣ್ಣಗಿನ ಗೋಡೆಗೆ ಕೆಮಿಕಲ್ ಬೋಲ್ಟ್ ಹಾಕಿದ್ದು

ಹೋದ ಡಿಸೆಂಬರಿನಲ್ಲಿ ಮಾದಾಪುರ ಕಡೆಯ ಒಂದು ತೋಟದಲ್ಲಿ ಕೆಲಸ ಸಿಕ್ಕಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಾಂಕ್ರೀಟ್ ಗೋಡೆಗೆ ಎರಡು ಬ್ರಾಕೆಟ್ ಕೂರಿಸಿ, ಅದರ ಮೇಲೆ 500 ಲೀಟರಿನ ನೀರಿನ ಟ್ಯಾಂಕ್ ಇಡಬೇಕಿತ್ತು. ಬ್ರಾಕೆಟ್ ಹಿಡಿಸಿದ್ದು ಕೆಮಿಕಲ್ ಬೋಲ್ಟಿನಲ್ಲಿ, ಅಂದರೆ ತೂತಿಗೆ ಅಂಟು ತುಂಬಿ ಅದರಲ್ಲಿ ಕೂರಿಸುವ ರಾಡಿನಲ್ಲಿ. ಗೋಡೆಯ ಹಿಂದೆ ಬರೀ ಮಣ್ಣಿನ ಬರೆ. ಹಾಗಾಗಿ ಮಳೆಗಾಲ ಮುಗಿದರೂ ಗೋಡೆ ಒಳಗೆ ಒದ್ದೆಯೇ.

ಮೊದಲು ಭಾರ ಎಷ್ಟು ಅಂತ ನೋಡಿದೆ. ನೀರು, ಟ್ಯಾಂಕ್, ಕಬ್ಬಿಣ ಎಲ್ಲ ಸೇರಿ ಸುಮಾರು 560 ಕೆಜಿ. ಒಂದು ಬ್ರಾಕೆಟ್ಟಿಗೆ 280. ಈ ಭಾರ ಗೋಡೆಯಿಂದ 45 ಸೆಂಟಿಮೀಟರ್ ಆಚೆ ಕೂರುತ್ತದೆ, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 60 ಸೆಂಟಿಮೀಟರ್ ಇದೆ. 280ನ್ನು 45ರಿಂದ ಗುಣಿಸಿ 60ರಿಂದ ಭಾಗಿಸಿದರೆ 210. ಅಂದರೆ ಕೆಳಕ್ಕೆ ಜಗ್ಗುವ ಭಾರದ ಜೊತೆಗೆ, ಮೇಲಿನ ಎರಡು ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಸುಮಾರು 210 ಕೆಜಿ ಬಲವೂ ಇರುತ್ತದೆ. ಒಂದೊಂದಕ್ಕೆ 105. ಇದು 12 ಎಂಎಂ ರಾಡಿಗೆ ದೊಡ್ಡ ಭಾರವೇನಲ್ಲ, ಆದರೆ ಅಂಟು ಸರಿಯಾಗಿ ಹಿಡಿದಿರಬೇಕು. ಮೇಲಿನ ಬೋಲ್ಟುಗಳು ಗೋಡೆಯ ತುದಿಗೆ ಹತ್ತಿರ ಬರುತ್ತಿದ್ದವು. ಅಲ್ಲಿ ಹಿಗ್ಗುವ ಆಂಕರ್ ಹಾಕಿದರೆ ಅದರ ಒತ್ತಡಕ್ಕೇ ಕಾಂಕ್ರೀಟ್ ಸೀಳಬಹುದು. ಅದಕ್ಕೇ ಕೆಮಿಕಲ್.

12 ಎಂಎಂ ರಾಡಿಗೆ 14 ಎಂಎಂ ತೂತು, 110 ಎಂಎಂ ಆಳ. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡೆ.

ತೂತು ಕ್ಲೀನ್ ಮಾಡೋದಕ್ಕೇ ನನಗೆ ಹೆಚ್ಚು ಹೊತ್ತು ಹಿಡಿಯಿತು. ಅದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಗೇಟಿನ ಕೆಲಸದಲ್ಲಿ ತೂತಿಗೆ ಎರಡು ಸಲ ಸುಮ್ನೆ ಬಾಯಲ್ಲಿ ಊದಿ ಕೆಮಿಕಲ್ ತುಂಬಿದ್ದೆ. ಮರುದಿನ ನಟ್ ಬಿಗಿ ಮಾಡುವಾಗ ರಾಡ್ ಅಂಟಿನ ಸಮೇತ ಇಡಿಯಾಗಿ ಹೊರಗೆ ಬಂತು. ಅಂಟು ಕಲ್ಲಿನಂತೆ ಗಟ್ಟಿ ಇತ್ತು, ಆದರೆ ಅದರ ಸುತ್ತ ಹಿಟ್ಟು ಮೆತ್ತಿದ ಹಾಗೆ ಬೂದು ಪುಡಿ. ಅದು ಹಿಡಿದಿದ್ದು ಪುಡಿಯನ್ನು, ಗೋಡೆಯನ್ನಲ್ಲ.

ಒದ್ದೆ ಗೋಡೆಯಲ್ಲಿ ಇದು ಇನ್ನೂ ಕಷ್ಟ. ಪುಡಿ ಕೆಸರಾಗಿ ತೂತಿನ ಬದಿಗೆ ಮೆತ್ತಿಕೊಳ್ಳುತ್ತದೆ, ಗಾಳಿಗೆ ಹೋಗುವುದಿಲ್ಲ. ಹಾಗಾಗಿ ತೂತಿನ ತಳದವರೆಗೆ ಪೈಪ್ ಬಿಟ್ಟು ಪಂಪಿನಲ್ಲಿ ನಾಲ್ಕು ಸಲ ಗಾಳಿ ಊದಿದೆ. ಆಮೇಲೆ ತಂತಿ ಬ್ರಷ್ ತಿರುಗಿಸುತ್ತಾ ನಾಲ್ಕು ಸಲ ಒಳಗೆ ಹೊರಗೆ ಆಡಿಸಿದೆ. ಮತ್ತೆ ನಾಲ್ಕು ಸಲ ಗಾಳಿ. ಬ್ರಷ್ ತೂತಿಗೆ ಬಿಗಿಯಾಗಿ ಹೋಗಬೇಕು. ಸಲೀಸಾಗಿ ಹೋದರೆ ಅದು ಸವೆದಿದೆ, ಬದಿಯನ್ನು ಉಜ್ಜುವುದಿಲ್ಲ. ಒಂದು ತೂತಿನಲ್ಲಿ ಕೆಸರು ಬಿಡಲೇ ಇಲ್ಲ. ಅದನ್ನು ತಿಳಿನೀರು ಬರುವವರೆಗೆ ತೊಳೆದು, ಮತ್ತೆ ಮೊದಲಿಂದ ಊದಿ, ಉಜ್ಜಿ, ಊದಿದೆ. ನಾನು ತಂದಿದ್ದ ಟ್ಯೂಬ್ ಒದ್ದೆ ಕಾಂಕ್ರೀಟಿಗೂ ಆಗುವಂಥದ್ದು. ಇದನ್ನು ಅಂಗಡಿಯಲ್ಲೇ ಓದಿ ನೋಡಿ ತರಬೇಕು.

ಟ್ಯೂಬಿಗೆ ನಾಝಲ್ ಹಾಕಿ, ಮೊದಲು ಬಂದ ಅಂಟನ್ನು ರಟ್ಟಿನ ಮೇಲೆ ಬಿಟ್ಟೆ. ಎರಡು ಬಣ್ಣದ ಗೆರೆ ಹೋಗಿ ಒಂದೇ ಬಣ್ಣ ಬರುವವರೆಗೆ ಅದು ಸರಿಯಾಗಿ ಬೆರೆತಿಲ್ಲ, ಗಟ್ಟಿಯಾಗುವುದಿಲ್ಲ. ಆಮೇಲೆ ನಾಝಲನ್ನು ತಳಕ್ಕೆ ಮುಟ್ಟಿಸಿ, ಒತ್ತುತ್ತಾ ನಿಧಾನ ಹಿಂದಕ್ಕೆ ತಂದು, ಮೂರರಲ್ಲಿ ಎರಡು ಭಾಗ ತುಂಬಿದೆ. ಬಾಯಿಂದ ತುಂಬಿದರೆ ಒಳಗೆ ಗಾಳಿ ಉಳಿಯುತ್ತದೆ. ರಾಡನ್ನು ತಿರುಗಿಸುತ್ತಾ ತಳದವರೆಗೆ ತಳ್ಳಿದಾಗ ಬಾಯಲ್ಲಿ ಸ್ವಲ್ಪ ಅಂಟು ಉಕ್ಕಬೇಕು. ಒಂದರಲ್ಲಿ ಉಕ್ಕಲಿಲ್ಲ. ತಕ್ಷಣ ರಾಡ್ ತೆಗೆದು ಇನ್ನಷ್ಟು ತುಂಬಿ ಮತ್ತೆ ಕೂರಿಸಿದೆ.

ಆಗ ಹತ್ತು ಗಂಟೆ, ಹೊರಗೆ ಒಳ್ಳೆ ಬಿಸಿಲು. ಜೊತೆಗಿದ್ದ ಹುಡುಗ ರಟ್ಟಿನ ಮೇಲೆ ಕೊನೆಗೆ ಒಂದೇ ಬಣ್ಣದಲ್ಲಿ ಬಿದ್ದಿದ್ದ ಅಂಟನ್ನು ಉಗುರಲ್ಲಿ ಕೆರೆದು, "ಅಣ್ಣಾ, ಕಲ್ಲಾಗಿದೆ, ಬಿಗಿ ಮಾಡೋಣ್ವಾ?" ಅಂದ. ನಾನು ಬೇಡ ಅಂದೆ. ರಟ್ಟು ಬಿಸಿಲಲ್ಲಿತ್ತು, ಗೋಡೆ ನೆರಳಲ್ಲಿ. ಗೋಡೆಗೆ ಥರ್ಮಾಮೀಟರ್ ಒತ್ತಿ ಹಿಡಿದರೆ 14 ಡಿಗ್ರಿ. ಅಂಟಿಗೆ ಗೊತ್ತಾಗುವುದು ಗೋಡೆಯ ಚಳಿ ಮಾತ್ರ, ನಮ್ಮ ಬೆನ್ನಿಗೆ ತಾಗುವ ಬಿಸಿಲಲ್ಲ. ನನ್ನ ಟ್ಯೂಬಿನ ಪಟ್ಟಿಯಲ್ಲಿ 20 ಡಿಗ್ರಿಗೆ 45 ನಿಮಿಷ ಇತ್ತು, ಅದಕ್ಕಿಂತ ತಣ್ಣಗಿದ್ದು 10 ಡಿಗ್ರಿವರೆಗೆ ಆದರೆ ಒಂದೂವರೆ ಗಂಟೆ. ಕಾಂಕ್ರೀಟ್ ಒದ್ದೆ ಇದ್ದರೆ ಅದರ ಎರಡರಷ್ಟು. ಬೇರೆ ಟ್ಯೂಬಿನಲ್ಲಿ ಲೆಕ್ಕ ಬೇರೆ ಇರುತ್ತದೆ. ನಮಗೆ ಮೂರು ಗಂಟೆ ಬಂತು. ಅಷ್ಟು ಹೊತ್ತು ರಾಡುಗಳನ್ನು ಯಾರೂ ಮುಟ್ಟದ ಹಾಗೆ ಹಗ್ಗ ಕಟ್ಟಿದೆ. ಅರ್ಧ ಗಟ್ಟಿಯಾದಾಗ ರಾಡ್ ಅಲ್ಲಾಡಿದರೆ ಹಿಡಿತ ಒಡೆದು ಹೋಗುತ್ತದೆ, ಮತ್ತೆ ಕೂಡುವುದಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದು ಬ್ರಾಕೆಟ್ ಏರಿಸಿದೆವು. ಟಾರ್ಕ್ ರೆಂಚನ್ನು ಪಟ್ಟಿಯಲ್ಲಿದ್ದ ಹಾಗೆ 40 ನ್ಯೂಟನ್ ಮೀಟರಿಗೆ ಇಟ್ಟು ಬಿಗಿ ಮಾಡಿದೆ. ಎಂಟು ರಾಡುಗಳಲ್ಲಿ ಒಂದೂ ತಿರುಗಲಿಲ್ಲ. ನಟ್ಟಿನಿಂದ ಪ್ಲೇಟಿನವರೆಗೆ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದು, ಟ್ಯಾಂಕಿಗೆ ಅರ್ಧ ನೀರು ತುಂಬಿಸಿ ಮನೆಗೆ ಬಂದೆ. ಮರುದಿನ ಬೆಳಗ್ಗೆ ಗೆರೆಗಳು ಇದ್ದ ಹಾಗೇ ಇದ್ದವು, ಪ್ಲೇಟಿಗೂ ಗೋಡೆಗೂ ನಡುವೆ ಕಾಗದ ತೂರುವಷ್ಟೂ ಸಂದು ಇರಲಿಲ್ಲ. ಆಮೇಲೆ ಪೂರ್ತಿ ತುಂಬಿಸಿದೆವು.