ಕೊಡು, ಕೋಡು: ಎ–ಏ, ಒ–ಓ ಕಲಿಸಿದ ನನ್ನ ಅನುಭವ

ದೊಡ್ಡವರಿಗೆ ಮಾತಾಡುವ ಕನ್ನಡ ಕಲಿಸುವುದು ನನ್ನ ಕೆಲಸ. ಬರುವವರಲ್ಲಿ ಹಿಂದಿಯವರೇ ಜಾಸ್ತಿ. ಹ್ರಸ್ವ, ದೀರ್ಘ ಅಂದ ಕೂಡಲೇ 'ಇದು ನಮಗೆ ಗೊತ್ತು' ಅನ್ನುತ್ತಾರೆ. ಅದು ಅರ್ಧ ನಿಜ. ಬಲ–ಬಾಲ, ನಡು–ನಾಡು, ಬಿಡು–ಬೀಡು, ಇವುಗಳಲ್ಲಿ ಅವರು ಅಷ್ಟಾಗಿ ಎಡವುವುದಿಲ್ಲ. ಎಡವುವುದು ಎ–ಏ, ಒ–ಓ ಬಂದಾಗ. ಹಿಂದಿಯ ವರ್ಣಮಾಲೆಯಲ್ಲಿ ಏ, ಓ ಮಾತ್ರ ಇವೆ. ಹ್ರಸ್ವ ಎ, ಒ ಬರೆಯಲು ಬೇರೆ ಅಕ್ಷರವೇ ಇಲ್ಲ. ಹಾಗಾಗಿ 'ಕೊಡು' ಅಂದರೂ 'ಕೋಡು' ಅಂದರೂ ಅವರ ನೋಟ್‌ಬುಕ್ಕಿನಲ್ಲಿ ಒಂದೇ ರೂಪ. ಒಂದು ನೀಡು ಅನ್ನುವ ಮಾತು, ಇನ್ನೊಂದು ಪ್ರಾಣಿಯ ಕೊಂಬು.

ಈ ತಪ್ಪು ವರ್ಷಗಟ್ಟಲೆ ಉಳಿಯುವುದಕ್ಕೆ ನಾವೇ ಕಾರಣ. ಯಾರಾದರೂ 'ನೀರು ಕೋಡಿ' ಅಂದರೆ ನಮಗೆ ಅರ್ಥವಾಗುತ್ತದೆ, ಸುಮ್ನೆ ನೀರು ಕೊಡುತ್ತೇವೆ. ಕೆರೆ ತುಂಬಿ ನೀರು ಹರಿದು ಹೋಗುವ ಕೋಡಿ ಅಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಎರಡೂ ಪದ ಒಂದೇ ಜಾಗದಲ್ಲಿ ಕೂರುವಂತಿದ್ದರೆ ಮಾತ್ರ ಕಷ್ಟ. 'ಬೆಳೆಗೆ ಏನು ರೇಟು' ಅಂತ ಕೇಳಿದವರಿಗೆ ಬೇಕಿದ್ದದ್ದು ಹೊಲದ ಬೆಳೆಯೋ, ಅಡುಗೆಯ ಬೇಳೆಯೋ? ಅದಕ್ಕೇ ನಾನು ಪಾಠಕ್ಕೆ ಇಂಥ ಜೋಡಿಗಳನ್ನೇ ಆರಿಸಿಕೊಳ್ಳುತ್ತೇನೆ: ತೊಡು–ತೋಡು, ಕೊಳ–ಕೋಳ, ಬೆಳೆ–ಬೇಳೆ. ತೊಡುವುದು ಬಟ್ಟೆ, ತೋಡುವುದು ಬಾವಿ.

ಮೊದಲು ಕಿವಿಯ ಕೆಲಸ. 'ಅವನು ತೋಡು ಅಂದ', 'ಅವನು ತೊಡು ಅಂದ' ಅಂತ ನಾನು ಹೇಳುತ್ತೇನೆ. ಕೇಳಿಸಿದ್ದು ಯಾವುದು ಅಂತ ಅವರು ಬೆರಳು ತೋರಿಸಬೇಕು. ವಾಕ್ಯದಲ್ಲಿ ಬಟ್ಟೆಯೂ ಇಲ್ಲ, ಬಾವಿಯೂ ಇಲ್ಲ, ಆದ್ದರಿಂದ ಊಹಿಸಲು ದಾರಿಯಿಲ್ಲ. ಇಲ್ಲಿ ಸರಿಯಾಗದವರಿಗೆ ಬಾಯಲ್ಲಿ ಹೇಳುವುದನ್ನು ಶುರು ಮಾಡಿಸುವುದಿಲ್ಲ. ಕೇಳಿಸದ ವ್ಯತ್ಯಾಸವನ್ನು ಬಾಯಲ್ಲಿ ತರುವುದು ಹೇಗೆ, ಅಲ್ವಾ?

ಬಾಯಿಗೆ ಬಂದಾಗ ಸಿಗುವ ದೊಡ್ಡ ಅಡ್ಡಿ ಅಂದರೆ ಎಚ್ಚರಿಕೆ. ಸರಿಯಾಗಿ ಹೇಳಬೇಕು ಅಂತ ನಿಧಾನ ಮಾಡುತ್ತಾರೆ. ನಿಧಾನ ಮಾಡಿದರೆ 'ಕೊ' ತಾನಾಗಿ 'ಕೋ' ಆಗುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಅನ್ನುವುದು ಗಡಿಯಾರದ ಲೆಕ್ಕವಲ್ಲ, ಅಕ್ಕಪಕ್ಕದ ಅಕ್ಷರದ ಜೊತೆಗಿನ ಹೋಲಿಕೆ. ಆದ್ದರಿಂದ ಮೇಜಿನ ಮೇಲೆ ಬೆರಳು ತಟ್ಟಿಸುತ್ತೇನೆ. ಕೊ-ಡು, ಎರಡು ತಟ್ಟು. ಕೋ-ಡು, ಮೂರು ತಟ್ಟು. 'ಕೋ'ಗೆ ಎರಡು ಮುಗಿದ ಮೇಲೇ 'ಡು' ಬರಬೇಕು. ತಟ್ಟುವ ವೇಗ ಎರಡಕ್ಕೂ ಒಂದೇ ಇರಬೇಕು, ಸ್ವಲ್ಪ ಚುರುಕಾಗಿಯೇ ಇರಬೇಕು.

ಇದಾದ ಮೇಲೆ ತಪ್ಪು ಉಲ್ಟಾ ಹೊಡೆಯುತ್ತದೆ. ಎಲ್ಲವನ್ನೂ ಗಿಡ್ಡ ಮಾಡುತ್ತಾರೆ. ಒಬ್ಬರು ಮೊದಲೆಲ್ಲ 'ಪುಸ್ತಕ ಓದಿ ಕೋಡಿ' ಅನ್ನುತ್ತಿದ್ದರು. ತಟ್ಟು ಕಲಿತ ಮೇಲೆ 'ಪುಸ್ತಕ ಒದಿ ಕೊಡಿ' ಅಂದರು. 'ಕೊಡಿ' ಸರಿಹೋಯಿತು, ಪುಸ್ತಕಕ್ಕೆ ಒದೆ ಬಿತ್ತು. ಅವರಿಗೆ ಎರಡೂ ಪದಗಳನ್ನು ಒಂದೇ ಉಸಿರಿನಲ್ಲಿ ಕೊಟ್ಟೆ: 'ಓದಿ ಕೊಡಿ, ಓದಿ ಕೊಡಿ'. ಮೂರು ತಟ್ಟು, ಎರಡು ತಟ್ಟು. ದೀರ್ಘದ ಪಕ್ಕದಲ್ಲೇ ಹ್ರಸ್ವ ಕೂತಾಗ ಅಳತೆ ತಪ್ಪಲಿಲ್ಲ. ಬಿಡಿಬಿಡಿಯಾಗಿ ಹೇಳಿಸುವುದನ್ನು ಅಲ್ಲಿಂದ ಕಡಿಮೆ ಮಾಡಿದ್ದೇನೆ.

'ಕೊಟ್ಟ' ಬಂದಾಗ ಇನ್ನೊಂದು ಗೊಂದಲ. ಪದ ಒಟ್ಟಾರೆ ಉದ್ದ ಕೇಳಿಸುತ್ತದಲ್ಲ, ಹಾಗಾಗಿ 'ಕೋಟ' ಅನ್ನುತ್ತಾರೆ. ಇಲ್ಲಿ ಉದ್ದ ಇರುವುದು ಸ್ವರದಲ್ಲಲ್ಲ, ಒತ್ತಕ್ಷರದಲ್ಲಿ. ಸ್ವರವನ್ನು ಬೇಗ ಮುಗಿಸಿ 'ಟ್' ಹತ್ತಿರ ನಾಲಿಗೆಯನ್ನು ಒಂದು ತಟ್ಟಿನಷ್ಟು ಹಿಡಿದಿಡಬೇಕು. ಕಲ್ಲು–ಕಾಲು, ಹಲ್ಲು–ಹಾಲು ಹೇಳಿಸಿದರೆ ಇದು ಬೇಗ ಹತ್ತುತ್ತದೆ. ತಟ್ಟು ಎರಡಕ್ಕೂ ಮೂರೇ, ಎರಡನೆಯ ತಟ್ಟು ಬೀಳುವ ಜಾಗ ಮಾತ್ರ ಬೇರೆ.

ಬರವಣಿಗೆಯಲ್ಲಿ ಕನ್ನಡ ಲಿಪಿಗೇ ಬರಬೇಕು ಅನ್ನುವುದು ನನ್ನ ಹಟ. ಪೂರ್ತಿ ಲಿಪಿ ಬಾರದಿದ್ದರೂ ಪರವಾಗಿಲ್ಲ, ದೀರ್ಘದ ಗುರುತೊಂದು ಬಂದರೆ ಸಾಕು. ಕೀ, ಕೇ, ಕೋ ಮೂರರಲ್ಲೂ ಬಲಗಡೆ ಅದೇ ಕೊಂಡಿ ಬರುತ್ತದೆ. ಅದು ಕಂಡರೆ ಎರಡು ತಟ್ಟು.

ಪದದ ಕೊನೆಯ ಸ್ವರಗಳ ಬಗ್ಗೆ ನಾನು ಶುರುವಿನಲ್ಲಿ ತಲೆಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ನಾವೇ ಎಳೆಯುತ್ತೇವೆ, ನುಂಗುತ್ತೇವೆ: 'ಅಮ್ಮ' ಅನ್ನುವುದು ಕೂಗುವಾಗ 'ಅಮ್ಮಾ' ಆಗುತ್ತದೆ, 'ಮನೆಯಲ್ಲಿ' ಅನ್ನುವುದು ಮಾತಿನಲ್ಲಿ 'ಮನೇಲಿ' ಆಗುತ್ತದೆ. ಮೊದಲ ಅಕ್ಷರ ಹಾಗಲ್ಲ. 'ಕೊಡುತ್ತಾನೆ' ಮಾತಿನಲ್ಲಿ 'ಕೊಡ್ತಾನೆ' ಆಗುತ್ತದೆ, 'ಓದುತ್ತಾನೆ' 'ಓದ್ತಾನೆ' ಆಗುತ್ತದೆ. ನಡುವಿನ ಉ ಹೋಯಿತು, 'ಕೊ' 'ಕೊ' ಆಗಿಯೇ ಉಳಿಯಿತು, 'ಓ' 'ಓ' ಆಗಿಯೇ ಉಳಿಯಿತು. ಅದಕ್ಕೇ ನನ್ನ ತಿದ್ದುಪಡಿಯೆಲ್ಲ ಮೊದಲ ಅಕ್ಷರದ ಮೇಲೆ.