ಕೈಬರಹದ ಕನ್ನಡ ಹೆಸರನ್ನು ಇಂಗ್ಲಿಷ್ ಫಾರ್ಮ್‌ಗೆ ತುಂಬುವುದು ಹೇಗೆ?

ಸಂಘದ ಸದಸ್ಯತ್ವವೋ, ಬ್ಯಾಂಕ್ ಖಾತೆಯೋ, ಕೈಯಲ್ಲಿ ಬರೆದ ಕನ್ನಡ ಹೆಸರುಗಳ ಕಟ್ಟು ಮುಂದಿದೆ. ಫಾರ್ಮ್ ಇಂಗ್ಲಿಷ್ ಕೇಳುತ್ತಿದೆ. ಸೀದಾ ಇಂಗ್ಲಿಷ್ ಟೈಪ್ ಮಾಡಲು ಹೊರಡಬೇಡಿ. ಮೊದಲು ಕನ್ನಡದ ಕಾಲಂ ಪೂರ್ತಿ ತುಂಬಿ. Kala ಎಂದಷ್ಟೇ ಉಳಿದರೆ ಅದು ಕಲಾ ಆಗಿತ್ತೋ ಕಾಳ ಆಗಿತ್ತೋ ಎಂದು ಆಮೇಲೆ ತಿಳಿಯುವ ದಾರಿಯೇ ಇಲ್ಲ.

ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಸಾಕು: ಕ್ರಮಸಂಖ್ಯೆ, ಕನ್ನಡ, ಇಂಗ್ಲಿಷ್, ಸ್ಪೆಲಿಂಗ್ ಎಲ್ಲಿಂದ ಬಂತು. ಕೈಬರಹದ ಹಾಳೆಯ ಮೂಲೆಯಲ್ಲೂ ಅದೇ ಕ್ರಮಸಂಖ್ಯೆ ಬರೆದಿಡಿ.

ಈಗ ಒಂದು ಹೆಸರು ನೋಡೋಣ. ಹಾಳೆಯಲ್ಲಿ ಹೀಗೆ ಕಾಣುತ್ತದೆ: ಪಾವ೯ತಮ್ಮ ಕೋಂ ಕೃಷ್ಣೇಗೌಡ.

'ವ' ಆದ ಮೇಲೆ ಒಂಬತ್ತರ ಹಾಗೆ ಕಾಣುವುದು ಅರ್ಕಾವೊತ್ತು. ಬರೆಯುವುದು ಆಮೇಲೆ, ಓದುವುದು ಮೊದಲು. ಕಂಡ ಕ್ರಮದಲ್ಲೇ ಟೈಪ್ ಮಾಡಿದವರ ಪಟ್ಟಿಯಲ್ಲಿ ಪಾರ್ವತಮ್ಮ ಹೋಗಿ Pavarthamma ಆಗಿರುತ್ತದೆ. ಕನ್ನಡದಲ್ಲಿ ಟೈಪ್ ಮಾಡುವಾಗಲೂ ಇಲ್ಲೊಂದು ಎಡವಟ್ಟು ಆಗುತ್ತದೆ. ಕೆಲವರು ನಿಜವಾಗಿಯೂ ೯ ಅಂಕಿಯನ್ನೇ ಒತ್ತುತ್ತಾರೆ, ಅನುಸ್ವಾರದ ಜಾಗಕ್ಕೆ ಸೊನ್ನೆ ಹಾಕುತ್ತಾರೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಆದರೆ Ctrl+F ಒತ್ತಿ ಪಾರ್ವತಮ್ಮ ಎಂದು ಹುಡುಕಿದರೆ ಸಿಗುವುದಿಲ್ಲ. ಕಂಪ್ಯೂಟರ್‌ಗೆ ಬೇಕಾದ ಕ್ರಮ ರ, ಹಲಂತ, ವ.

ಇನ್ನು 'ಕೋಂ'. ಇದು ಹೆಸರಲ್ಲ. ನಮ್ಮ ಹಳೇ ದಾಖಲೆಗಳಲ್ಲಿ ಕೋಂ ಎಂದರೆ ಇಂಥವರ ಹೆಂಡತಿ, ಬಿನ್ ಎಂದರೆ ಇಂಥವರ ಮಗ. ಇಂಗ್ಲಿಷ್‌ನಲ್ಲಿ W/O, S/O ಎಂದಾಗಬೇಕು. ಗಂಡನ ಅಥವಾ ತಂದೆಯ ಹೆಸರಿಗೆ ಬೇರೆ ಜಾಗವಿದ್ದರೆ W/O, S/O ಕೂಡ ಬಿಟ್ಟು ಹೆಸರನ್ನಷ್ಟೇ ಅಲ್ಲಿ ತುಂಬಿ. ಗೊತ್ತಿಲ್ಲದವರು Bin ಅನ್ನು ಸರ್‌ನೇಮ್ ಮಾಡಿಬಿಡುವುದುಂಟು!

ಅಕ್ಷರವೇ ತಿಳಿಯದಿದ್ದರೆ? ಅವಸರದ ಕೈಬರಹದಲ್ಲಿ ನ ಮತ್ತು ಸ, ಮ ಮತ್ತು ವು, ದ ಮತ್ತು ಧ ಒಂದೇ ಥರ ಕಾಣುತ್ತವೆ. ಊಹೆ ಮಾಡಬೇಡಿ. ಅದೇ ವ್ಯಕ್ತಿ ಬರೆದ ವಿಳಾಸ ನೋಡಿ. ಅಲ್ಲಿ ಊರು, ತಾಲ್ಲೂಕಿನ ಹೆಸರು ನಿಮಗೆ ಗೊತ್ತೇ ಇರುತ್ತದೆ. 'ಮೈಸೂರು' ಎಂಬುದರಲ್ಲಿ ಅವರ ಮ, ಸ ಹೇಗಿವೆ ಎಂದು ನೋಡಿಕೊಂಡು ಹೆಸರಿಗೆ ಹೋಲಿಸಿ. ಆಗಲೂ ತಿಳಿಯದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ, ಆಮೇಲೆ ಫೋನ್ ಮಾಡಿ ಕೇಳಿ.

ಕನ್ನಡ ಮುಗಿಯಿತು, ಇಂಗ್ಲಿಷ್‌ಗೆ ಬನ್ನಿ. ಇಲ್ಲಿ ಮೊದಲ ಕೆಲಸ ಲಿಪ್ಯಂತರ ಅಲ್ಲ, ಆಧಾರ್ ಅಥವಾ ಅಂಕಪಟ್ಟಿ ನೋಡುವುದು. ಆಧಾರ್‌ನಲ್ಲಿ Parvatamma ಎಂದಿದ್ದು ನಿಮಗೆ Parvathamma ಸರಿ ಅನ್ನಿಸಿದರೂ ಆಧಾರ್‌ನದ್ದೇ ಹಾಕಿ. ಸರಿ ತಪ್ಪು ನೋಡಲು ಇದು ವ್ಯಾಕರಣ ಪರೀಕ್ಷೆಯಲ್ಲ, ಅಲ್ವಾ? ಎರಡು ದಾಖಲೆಯಲ್ಲಿ ಎರಡು ಥರ ಇದ್ದರೆ ಈ ಫಾರ್ಮ್ ಜೊತೆ ಯಾವುದರ ಜೆರಾಕ್ಸ್ ಕೊಡುತ್ತಾರೋ ಅದರಂತೆ ಬರೆಯಿರಿ. Krishnegowda ಒಂದೇ ಪದವೋ, Krishne Gowda ಎಂದು ಎರಡೋ, ಅದನ್ನೂ ದಾಖಲೆಯಲ್ಲಿದ್ದಂತೆಯೇ ಬಿಡಿ. ಆ ಒಂದು ಸ್ಪೇಸ್‌ನಿಂದ ಹೆಸರು ಹೊಂದದೆ ಅರ್ಜಿ ವಾಪಸ್ ಬರಬಹುದು.

ದಾಖಲೆಯೇ ಸಿಗದಿದ್ದಾಗ ಮಾತ್ರ ನಿಮ್ಮ ನಿಯಮ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನಾದರೆ ತ ಅಕ್ಷರಕ್ಕೆ th, ಟ ಅಕ್ಷರಕ್ಕೆ t ಇಡುತ್ತೇನೆ, ನಮ್ಮ ಕಡೆ ಅದೇ ಜಾಸ್ತಿ ಬಳಕೆ. ದ ಅಕ್ಷರಕ್ಕೆ d, ಧ ಅಕ್ಷರಕ್ಕೆ dh. ಲ, ಳ ಎರಡಕ್ಕೂ l ಹಾಕದೆ ಬೇರೆ ದಾರಿಯಿಲ್ಲ. ಅಕ್ಷರದ ಕೆಳಗೆ ಚುಕ್ಕಿ, ಮೇಲೆ ಗೆರೆ ಹಾಕಿ ಬರೆಯುವ ISO 15919 ಎಂಬ ಪದ್ಧತಿ ಇದೆ. ಆದರೆ ಸಾಮಾನ್ಯ ಫಾರ್ಮ್‌ಗಳಿಗೆ A ಯಿಂದ Z ಮಾತ್ರ ಸಾಕು. ಕೊನೆಯ 'ಅ' ವಿಷಯದಲ್ಲಿ ಕನ್ನಡದ ಕಾಲಂ ನೋಡಿ: ರಮೇಶ್ ಎಂದಿದ್ದರೆ Ramesh, ರಮೇಶ ಎಂದಿದ್ದರೆ Ramesha.

ಎರಡು ಸಾಲು ತುಂಬಿದ ಮೇಲೆ ಹೀಗಿರುತ್ತದೆ:

```
14 | ಪಾರ್ವತಮ್ಮ | Parvatamma | ಆಧಾರ್
15 | ರಮೇಶ     | Ramesha    | ನಿಯಮ
```

ನಾಲ್ಕನೇ ಕಾಲಂನಲ್ಲಿ 'ನಿಯಮ' ಎಂದಿರುವ ಸಾಲುಗಳನ್ನು ಮಾತ್ರ ಆಯಾ ವ್ಯಕ್ತಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. ಎಲ್ಲರನ್ನೂ ಸುಮ್ನೆ ಕೇಳುತ್ತಾ ಕೂರಬೇಕಿಲ್ಲ. ಒಪ್ಪಿದ ಮೇಲೆ ಅಲ್ಲಿ 'ಕೇಳಿದೆ' ಎಂದು ಬದಲಿಸಿ.

ಪಟ್ಟಿಯನ್ನು ಇಂಗ್ಲಿಷ್ ಅಕ್ಷರದ ಕ್ರಮಕ್ಕೆ ಜೋಡಿಸುವಾಗ ನಾಲ್ಕೂ ಕಾಲಂ ಸೆಲೆಕ್ಟ್ ಆಗಿವೆಯೇ ನೋಡಿ. ಒಂದನ್ನೇ ಸಾರ್ಟ್ ಮಾಡಿದರೆ ಪಾರ್ವತಮ್ಮನವರ ಪಕ್ಕ Ramesha ಬಂದು ಕೂರುತ್ತದೆ. ಅನುಮಾನ ಬಂದರೆ ಯಾವುದಾದರೂ ಐದಾರು ಸಾಲು ಆರಿಸಿ, ಕ್ರಮಸಂಖ್ಯೆ ಹಿಡಿದು ಕೈಬರಹದ ಹಾಳೆಗೆ ತಾಳೆ ನೋಡಿ.