ಬಾಣಂತಿ ಕೋಣೆಗೆ ಕೆಂಡ ಇಡುವ ಮುಂಚೆ

ಧನುರ್ಮಾಸದ ಚಳಿಯಲ್ಲಿ ಬಾಣಂತನ ಬಂದರೆ ಮಂಡ್ಯ ಕಡೆಯ ಮನೆಗಳಲ್ಲಿ ಅಗ್ಗಿಷ್ಟಿಕೆ ಹೊರಗೆ ಬರುತ್ತದೆ. ಅಗ್ಗಿಷ್ಟಿಕೆ ಇಲ್ಲದವರು ಸಿಮೆಂಟ್ ಬಾಂಡ್ಲಿಯಲ್ಲೇ ಕೆಂಡ ತುಂಬುತ್ತಾರೆ. ಮಗುವಿಗೆ ಶೀತ ಆಗಬಾರದು ಅಂತ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆ ಸೀರೆ ತುರುಕುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ನೆಂಟರ ಮನೆಯಲ್ಲೂ ಹೀಗೇ ಆಗಿತ್ತು. ಬೆಳಗ್ಗೆ ಬಾಣಂತಿಗೆ ತಲೆ ಸಿಡಿಯುವ ನೋವು. ಪಕ್ಕದಲ್ಲಿ ಮಲಗಿದ್ದ ದೊಡ್ಡವ್ವನಿಗೆ ವಾಂತಿ. ಒಬ್ಬರದ್ದು ಶೀತ, ಇನ್ನೊಬ್ಬರದ್ದು ಪಿತ್ತ ಅಂತ ತೀರ್ಮಾನವಾಗಿ, ಇಬ್ಬರಿಗೂ ಕಷಾಯ ಕುದಿಯುತ್ತಿತ್ತು. ಹಜಾರದಲ್ಲಿ ಮಲಗಿದ್ದವರಿಗೆ ಮಾತ್ರ ಏನೂ ಆಗಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ.

"ಏನೂ ಆಗಕ್ಕಿಲ್ಲ ಕಣಪ್ಪ, ನೋಡು, ಒಂದೀಟೂ ಹೊಗೆ ಇಲ್ಲ" ಅಂದರು ದೊಡ್ಡವ್ವ. ಹೊಗೆ ಇಲ್ಲದ್ದೇ ತೊಂದರೆ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನಾನು ಅದನ್ನು ಅವರಿಗೆ ಹೇಳಿ ಒಪ್ಪಿಸಲು ಅರ್ಧ ದಿನ ಬೇಕಾಯಿತು. ಕೆಂಡ ಬೇಕೇ ಬೇಕು ಅನ್ನುವವರು ಹೇಗೆ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

1. ಇದ್ದಿಲು. ಒಣಗಿದ್ದು, ಗಟ್ಟಿಯಾದದ್ದು, ಬಡಿದರೆ ಟಣ್ ಅನ್ನುವುದು ಆರಿಸಿ. ತೆಂಗಿನ ಚಿಪ್ಪಿನ ಇದ್ದಿಲು ನನಗೆ ಇಷ್ಟ. ಕಡ್ಡಿ ಗೀರಿದ ತಕ್ಷಣ ಚಟಪಟ ಅಂತ ಹತ್ತಿಕೊಳ್ಳುವ ಬಿಲ್ಲೆಗಳು ಸಿಗುತ್ತವಲ್ಲ, ಅವು ಬೇಡ. ಬೇಗ ಹತ್ತಲಿ ಅಂತ ಅದರಲ್ಲಿ ಮದ್ದಿನ ಉಪ್ಪು ಬೆರೆಸಿರುತ್ತಾರೆ, ಘಾಟು ಬೇರೆ.

2. ಹಚ್ಚುವುದು. ಅಂಗಳದಲ್ಲೇ ಹಚ್ಚಿ.

3. ಜ್ವಾಲೆ ನೋಡುವುದು. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕತ್ತಲಾದ ಮೇಲೆ, ಅಂಗಳದ ಲೈಟ್ ಆರಿಸಿ ಅಗ್ಗಿಷ್ಟಿಕೆ ನೋಡಿ. ಮೊದಲು ಹಳದಿ ಜ್ವಾಲೆ ಬರುತ್ತದೆ, ಜೊತೆಗೆ ಹೊಗೆ. ಇದ್ದಿಲಿನಲ್ಲಿ ಇನ್ನೂ ಉಳಿದ ಸೌದೆಯ ಅಂಶ ಉರಿಯುವ ಹೊತ್ತು ಅದು. ಪೂರ್ತಿ ಉರಿಯದ ಇಂಗಾಲ ಸಣ್ಣ ಸಣ್ಣ ಮಸಿ ಕಣಗಳಾಗಿ ಜ್ವಾಲೆಯೊಳಗೆ ಕಾದು ಹೊಳೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಹಳದಿ ಆ ಮಸಿಯ ಹೊಳಪು. ದೀಪದ ಹಳದಿಯೂ ಅದೇ. ಅದಕ್ಕೇ ದೀಪದ ಮೇಲೆ ತಟ್ಟೆ ಹಿಡಿದರೆ ಕಾಡಿಗೆ ಕೂರುತ್ತದೆ.

ಹತ್ತು ಹದಿನೈದು ನಿಮಿಷಕ್ಕೆ ಹಳದಿ ಹೋಗುತ್ತದೆ. ಆಗ ಕೆಂಡದ ಮೇಲೆ ಪುಟ್ಟ ಪುಟ್ಟ ನೀಲಿ ನಾಲಿಗೆಗಳು ಕುಣಿಯುತ್ತವೆ. ಬೀಸಣಿಗೆ ಆಡಿಸಿದರೆ ಇನ್ನೂ ಎದ್ದು ಕಾಣುತ್ತವೆ. ಗ್ಯಾಸ್ ಸ್ಟವ್ ನೋಡಿ ಅಭ್ಯಾಸವಾದವರು "ನೀಲಿ ಬಂತು, ಒಳ್ಳೆ ಉರಿ" ಅಂದುಕೊಳ್ಳುತ್ತಾರೆ. ಸ್ಟವ್‌ನ ನೀಲಿಯ ಕಥೆ ಬೇರೆ. ಅಲ್ಲಿ ಗ್ಯಾಸ್ ಉರಿಯುವ ಮುಂಚೆಯೇ ಗಾಳಿ ಚೆನ್ನಾಗಿ ಬೆರೆತಿರುತ್ತದೆ, ಮಸಿ ಹುಟ್ಟುವುದೇ ಇಲ್ಲ. ಬರ್ನರ್‌ಗೆ ಹಾಲು ಉಕ್ಕಿ ತೂತು ಕಟ್ಟಿಕೊಂಡರೆ, ಗಾಳಿ ಕಮ್ಮಿಯಾಗಿ ಅದೇ ಜ್ವಾಲೆ ಹಳದಿಗೆ ತಿರುಗುತ್ತದೆ, ಪಾತ್ರೆ ತಳ ಕಪ್ಪಾಗುತ್ತದೆ. (ಉಪ್ಪುನೀರು ಚೆಲ್ಲಿದಾಗಲೂ ಒಂದು ಕ್ಷಣ ಹಳದಿ ಮಿಂಚುತ್ತದೆ. ಅದು ಉಪ್ಪಿನ ಸೋಡಿಯಂ. ಅದಕ್ಕೆ ರಿಪೇರಿಯವನನ್ನು ಕರೆಯಬೇಡಿ.)

ಕೆಂಡದ ಮೇಲಿನ ನೀಲಿ ಮಾತ್ರ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಅನಿಲವೇ ಉರಿಯುವ ಬಣ್ಣ. ಅದು ಹುಟ್ಟುವುದು ಹೀಗೆ. ಕೆಳಗಿನ ಜಾಲರಿಯಿಂದ ಬಂದ ಗಾಳಿ ಮೊದಲ ಸಾಲಿನ ಕೆಂಡಕ್ಕೆ ತಾಗಿದಾಗ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಸುಮ್ನೆ ಹೊರಗೆ ಹೋಗಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಆದರೆ ಮೇಲೇರುವಾಗ ಇನ್ನೊಂದು ಸಾಲು ಕೆಂಪು ಕೆಂಡದ ನಡುವೆ ನುಸುಳಬೇಕು. ಅಲ್ಲಿನ ಇಂಗಾಲಕ್ಕೆ ಆಮ್ಲಜನಕದ ಹಸಿವು. ಅದು ಡೈಆಕ್ಸೈಡಿನ ಕೈಯಿಂದ ಒಂದು ಆಮ್ಲಜನಕ ಕಿತ್ತುಕೊಳ್ಳುತ್ತದೆ. ಒಂದಿದ್ದ ಡೈಆಕ್ಸೈಡ್ ಎರಡು ಮಾನಾಕ್ಸೈಡ್ ಆಗಿ ಮೇಲೆ ಬರುತ್ತದೆ. ಕೆಂಡದ ರಾಶಿ ದಪ್ಪ ಇದ್ದಷ್ಟೂ ಇದು ಜಾಸ್ತಿ. ಮೇಲೆ ಗಾಳಿ ಸಿಕ್ಕು, ಬಿಸಿಯೂ ಸಾಕಷ್ಟಿದ್ದರೆ ಒಂದಷ್ಟು ಮಾನಾಕ್ಸೈಡ್ ಅಲ್ಲೇ ನೀಲಿಯಾಗಿ ಉರಿದುಹೋಗುತ್ತದೆ.

ಆಮೇಲೆ ನೀಲಿಯೂ ಮಾಯ. ಕೆಂಡ ತಣ್ಣಗೆ ಕೆಂಪಗೆ, ಮೇಲೊಂದು ಪದರ ಬೂದಿ. "ಈಗ ಹದವಾಯ್ತು, ಒಳಗೆ ತಗೊಂಡ್ ಹೋಗಿ" ಅನ್ನುವುದು ಸರಿಯಾಗಿ ಈ ಹೊತ್ತಿನಲ್ಲಿ. ನೀಲಿ ಹೋಯಿತು ಅಂದರೆ ಅನಿಲ ನಿಂತಿತು ಅಂತಲ್ಲ. ಅದಕ್ಕೆ ಹತ್ತಿಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಬೇಕು. ಮೇಲ್ಪದರ ಅಷ್ಟು ಬಿಸಿ ಇಲ್ಲದೆ ಹೋದಾಗ, ಉರಿಯದೆ ಹಾಗೇ ಕೋಣೆಗೆ ಸೇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿ ಇಲ್ಲ. ಸೌದೆ ಒಲೆಯಾದರೆ ಹೊಗೆಯೇ ನಮ್ಮನ್ನು ಎಬ್ಬಿಸಿ ಹೊರಗಟ್ಟುತ್ತದೆ. ಇದ್ದಿಲಿನಲ್ಲಿ ಹೊಗೆಯ ಅಂಶವನ್ನೆಲ್ಲ ಭಟ್ಟಿಯಲ್ಲೇ ಸುಟ್ಟು ಕಳೆದಿರುತ್ತಾರೆ, ಹಾಗಾಗಿ ಎಬ್ಬಿಸುವವರು ಯಾರೂ ಇಲ್ಲ. ಬೆಳಗಿನವರೆಗೂ ಕಾವು ಇರಲಿ ಅಂತ ಬೂದಿ ಮುಚ್ಚಿ ಇಡುವುದಂತೂ ಇನ್ನೂ ಕೆಟ್ಟದ್ದು. ಗಾಳಿ ಕಮ್ಮಿಯಾಗಿ, ಮಂದವಾಗಿ, ರಾತ್ರಿಯೆಲ್ಲ ಆ ಅನಿಲವನ್ನೇ ಬಿಡುತ್ತಿರುತ್ತದೆ.

4. ಎಷ್ಟು ಕೆಂಡ? ಕಾಲು ಕೆಜಿ ತಾನೇ ಅನ್ನಬೇಡಿ, ಲೆಕ್ಕ ಹಾಕೋಣ. ಒಂದು ಕೆಜಿ ಇದ್ದಿಲು ಉರಿದರೆ ಸುಮಾರು 200 ಗ್ರಾಂ ಮಾನಾಕ್ಸೈಡ್ ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಒಲೆಗೆ ತಕ್ಕಂತೆ ಹೆಚ್ಚು ಕಮ್ಮಿ ಆಗಬಹುದು. ಕಾಲು ಕೆಜಿಗೆ 50 ಗ್ರಾಂ ಆಯಿತು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ 28 ಘನ ಮೀಟರ್ ಗಾಳಿ ಇರುತ್ತದೆ. ಅಷ್ಟೂ ಅನಿಲ ಅಲ್ಲೇ ನಿಂತರೆ ಹತ್ತು ಲಕ್ಷ ಪಾಲು ಗಾಳಿಗೆ ಸುಮಾರು 1,500 ಪಾಲು ಮಾನಾಕ್ಸೈಡ್. ಅಷ್ಟಿರುವ ಕಡೆ ಒಂದೆರಡು ಗಂಟೆಯಲ್ಲಿ ಜೀವ ಹೋಗಬಹುದು. ಸಂದಿಗಳಿಂದ ಮುಕ್ಕಾಲು ಪಾಲು ಸೋರಿಹೋಯಿತು ಅನ್ನಿ, ಆಗಲೂ 400ರ ಹತ್ತಿರ ಉಳಿಯುತ್ತದೆ. ಅದಕ್ಕೆ ಒಂದೆರಡು ಗಂಟೆಯಲ್ಲಿ ತಲೆನೋವು, ಮೂರು ಗಂಟೆ ದಾಟಿದರೆ ಪ್ರಾಣಾಪಾಯ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಇಷ್ಟು ಕಮ್ಮಿ ಪ್ರಮಾಣವೂ ಸಾಕು. ಮಗು ನಮಗಿಂತ ವೇಗವಾಗಿ ಉಸಿರಾಡುತ್ತದೆ, ಅದಕ್ಕೆ ಇನ್ನೂ ಬೇಗ ಏರುತ್ತದೆ.

"ದೀಪ ಉರೀತಾನೇ ಇದೆಯಲ್ಲ, ಗಾಳಿ ಇದೆ ಅಂತ ತಾನೇ ಅರ್ಥ?" ಅಂತಲೂ ಕೇಳುತ್ತಾರೆ. ಆ ಕಾಲು ಕೆಜಿ ಪೂರ್ತಿ ಉರಿದರೂ ಕೋಣೆಯ ಆಮ್ಲಜನಕ ನೂರಕ್ಕೆ 21ರಿಂದ 19ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ದೀಪ ಆರಲು ಇನ್ನೂ ಕೆಳಗೆ ಇಳಿಯಬೇಕು. ಮನುಷ್ಯರು ಬಿದ್ದ ಮೇಲೂ ದೀಪ ಉರಿಯುತ್ತಿರುತ್ತದೆ. ಕೋಣೆಯಲ್ಲಿ ಬಕೆಟ್ ನೀರು ಇಡುವುದೂ ಪ್ರಯೋಜನವಿಲ್ಲ. ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಅತ್ಯಲ್ಪ.

"ನಮ್ಮವ್ವನ ಕಾಲದಲ್ಲಿ ಇಡ್ತಿದ್ವಲ್ಲ" ಅನ್ನುವ ದೊಡ್ಡವ್ವನ ಮಾತು ಸುಳ್ಳಲ್ಲ. ಅವರದು ನಾಡ ಹೆಂಚಿನ ಮನೆ. ಹೆಂಚಿನ ಸಂದಿಯಲ್ಲಿ ಬೆಳಕೇ ತೂರಿ ಬರುತ್ತಿತ್ತು, ಗಾಳಿ ಬಿಡಿ. ಈಗ ಮೇಲೆ ಆರ್‌ಸಿಸಿ, ಕಿಟಕಿಗೆ ರಬ್ಬರ್ ಅಂಚಿನ ಜಾರುವ ಗಾಜು. ಕೆಂಡ ಅದೇ, ಮನೆ ಬದಲಾಗಿದೆ.

5. ಕಾವು ಒಳಗೆ ತರುವುದು. ಮಲಗುವ ಕೋಣೆಗೆ ಕೆಂಡ ಬೇಡ. ಕಿಟಕಿ ಒಂದಿಂಚು ತೆಗೆದರೆ ಸಾಕಾ ಅಂತ ಕೇಳಬೇಡಿ, ಸಾಕು ಅಂತ ನಾನು ಹೇಳುವುದಿಲ್ಲ. ಅಗ್ಗಿಷ್ಟಿಕೆ ಅಂಗಳದಲ್ಲೇ ಇರಲಿ, ಬಿಸಿ ಮಾತ್ರ ಒಳಗೆ ಬರಲಿ. ಮಗುವಿನ ಬಟ್ಟೆ, ಟವೆಲ್ ಅಲ್ಲೇ ಕಾಯಿಸಿ ತನ್ನಿ. ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಹತ್ತು ನಿಮಿಷ ಇಟ್ಟು, ಮಗು ಮಲಗಿಸುವ ಮುಂಚೆ ತೆಗೆದುಬಿಡಿ. ಬಾಣಂತಿಯ ಕೂದಲು ಒಣಗಿಸಬೇಕಾದರೆ ಜಗುಲಿಯಲ್ಲಿ ಕೂರಿಸಿ, ಹೊದಿಸಿ, ಐದು ಹತ್ತು ನಿಮಿಷದಲ್ಲಿ ಮುಗಿಸಿ. ಎಳೆ ಮಗುವಿಗೆ ಸಾಂಬ್ರಾಣಿ ಹೊಗೆಯೇ ಬೇಡ ಅನ್ನುವವನು ನಾನು. ಇದನ್ನು ಹೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ಬೈಸಿಕೊಂಡಿದ್ದೇನೆ.

6. ಆದರೂ ಯಾರೋ ಇಟ್ಟಿದ್ದರೆ. ಒಂದೇ ಕೋಣೆಯ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಕು. ಹೊರಗೆ ಬಂದರೆ ಹಗುರ, ಮತ್ತೆ ಒಳಗೆ ಹೋದರೆ ಮತ್ತೆ ಶುರು. ಇದು ಪಿತ್ತ ಅಲ್ಲ. ಮಗು ಹಾಲು ಕುಡಿಯದೆ ಸುಮ್ನೆ ನಿದ್ದೆ ಹೊಡೆಯುತ್ತಿದ್ದರೆ "ಬೆಚ್ಚಗಿದೆ, ಮಲಗಿದೆ" ಅಂತ ಸಮಾಧಾನ ಪಡಬೇಡಿ. ಮೊದಲು ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕರೆತನ್ನಿ, ಆಮೇಲೆ 108. ಕೆಂಡಕ್ಕೆ ಒಳಗೇ ನೀರು ಎರಚಲು ಹೋಗಬೇಡಿ. ಕಾದ ಇದ್ದಿಲಿನ ಮೇಲೆ ನೀರು ಬಿದ್ದರೆ ಇನ್ನಷ್ಟು ಮಾನಾಕ್ಸೈಡ್ ಹುಟ್ಟುತ್ತದೆ.

ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇಲ್ಲಿ ಕೈಕೊಡುತ್ತದೆ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಹಿಡಿದ ರಕ್ತ ಅಂತಲೇ ಓದುತ್ತದೆ. ನಮ್ಮ ದೊಡ್ಡವ್ವನ ಬೆರಳಲ್ಲಿ 98 ತೋರಿಸುತ್ತಿತ್ತು, ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ "ಕೋಣೆಯಲ್ಲಿ ಕೆಂಡ ಇಟ್ಟಿದ್ವಿ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಬೇರೆ ರಕ್ತ ಪರೀಕ್ಷೆ ಇದೆ. ಬರೀ ಗಾಳಿಯಲ್ಲಿ ರಕ್ತದ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಇನ್ನೊಂದು ಮಾತು. ಅಡುಗೆಮನೆಗೆ ಹಾಕುವ ಗ್ಯಾಸ್ ಸೋರಿಕೆಯ ಅಲಾರಂ ಇದಕ್ಕೆ ಕೂಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂತಲೇ ಬೇರೆ ಸಿಗುತ್ತದೆ, ಕೇಳಿ ತನ್ನಿ.

7. ಆರಿಸುವುದು. ಅಂಗಳದಲ್ಲೇ ಕೆಂಡವನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ತುಂಬಿ ಮುಚ್ಚಿಬಿಡಿ. ಗಾಳಿ ಸಿಗದೆ ಆರುತ್ತದೆ. ಪೂರ್ತಿ ತಣ್ಣಗಾಗುವವರೆಗೂ ಡಬ್ಬ ಒಳಗೆ ತರಬೇಡಿ. ಉಳಿದ ಇದ್ದಿಲನ್ನು ಬಿಸಾಕಬೇಡಿ, ಮಾರನೆ ದಿನ ಹೊಸ ಇದ್ದಿಲಿಗಿಂತ ಬೇಗ ಹತ್ತಿಕೊಳ್ಳುತ್ತದೆ.